ಕಾಳವ್ವನ ಮಾತು, ಗುಂಡನ ಉಪವಾಸ

ಮಾಳಮಡ್ಡಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಕಾಳವ್ವನಿಗೆ ಇಪ್ಪತ್ತೆರಡು ವರ್ಷ ಒಂದೇ ಮಾತು ಸಾಕಾಗಿತ್ತು: "ಹಸಿವಾದ್ರ ತಾವ ತಿಂತಾವ." ತಟ್ಟೆ ದೂಡಿದ ಮಕ್ಕಳನ್ನು ಅವಳು ರಮಿಸಿದವಳಲ್ಲ. ತಟ್ಟೆ ಎತ್ತಿಟ್ಟು ಸುಮ್ಮನಿರುತ್ತಿದ್ದಳು. ಅರ್ಧ ತಾಸಿಗೆ ಮಗು ತಾನೇ ಬರುತ್ತಿತ್ತು. ಆ ಬಗ್ಗೆ ಅವಳಿಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು ಎನ್ನಬೇಕು.

ಮನೆಯಲ್ಲಿ ಜೊತೆಗಿದ್ದದ್ದು ಗುಂಡ ಎಂಬ ಬೆಕ್ಕು, ಹೆಸರಿಗೆ ತಕ್ಕಂತೆ ದಪ್ಪ. ಮಲಗುವುದು ಕಾಳವ್ವನ ಮಗ್ಗುಲಲ್ಲಿ, ತಿನ್ನುವುದು ಪಕ್ಕದ ಮನೆಯ ಮುಜಾಫರ ಹಾಕುವ ಕೋಳಿ ಚೂರು. ಲಿಂಗ ಕಟ್ಟಿದ ಕಾಳವ್ವನ ಮನೆಯೊಳಗೆ ತತ್ತಿ ಸಹ ಬರುವಂತಿರಲಿಲ್ಲ. ಮಗಳ ಹೆರಿಗೆಗೆಂದು ಮುಜಾಫರ ಮನೆಮಂದಿಯೊಂದಿಗೆ ಬೆಳಗಾವಿಗೆ ಹೋದ ಮೇಲೆ ಅವಳು ಹಾಲು-ಅನ್ನ ಕಲಸಿಟ್ಟಳು. ಗುಂಡ ಮೂಸಿ ನೋಡಿ ಮುಖ ತಿರುಗಿಸಿದ.

"ಸೊಕ್ಕು ನಿನಗ," ಎಂದಳು ಕಾಳವ್ವ. "ಮೈಯಾಗ ಬೇಕಾದಷ್ಟು ಕೊಬ್ಬೈತಿ. ನಾಕು ದಿನ ತಿನ್ನದಿದ್ರ ಏನಾಗೂದಿಲ್ಲ."

ಐದನೆಯ ದಿನ ಬೆಳಿಗ್ಗೆ ಗುಂಡ ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಬಿದ್ದಿದ್ದ. ಕಿವಿಯ ಒಳಗೆಲ್ಲ ಅರಿಶಿನ ಹಚ್ಚಿದ ಹಾಗಿತ್ತು. ಕಾಳವ್ವ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ದವಾಖಾನೆಗೆ ಓಡಿದಳು.

ಪಶುವೈದ್ಯೆ ವಿದ್ಯಾ ರಕ್ತ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ಮಾಡಿಸಿ ನೋಡಿದರು.

"ಇದರ ಕೊಬ್ಬ ಇದಕ್ಕ ಮುಳುವಾಗೇತ್ರಿ. ಊಟ ನಿಂತ್ರ ಮೈಯಾಗಿನ ಕೊಬ್ಬು ಕರಗಿ ಲಿವರಿಗೆ ಬರತೈತಿ. ಬೆಕ್ಕಿನ ಲಿವರಿಗೆ ಅಷ್ಟೊಂದು ಸುಧಾರಿಸಾಕ ಆಗೂದಿಲ್ಲ. ಅದನ್ನ ಹೊರಗ ಕಳಸಾಕ ಪ್ರೋಟೀನ್ ಬೇಕು, ಅದೂ ಹೊಟ್ಟಿಗೆ ಬಿದ್ದಿಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡೈತಿ. ಈಗ ವಾಕರಿಕಿ ಶುರುವಾಗೇತಿ, ಇನ್ನ ಹಸಿವೀನ ಆಗೂದಿಲ್ಲ."

"ಹಸಿವೀನ ಆಗೂದಿಲ್ಲೇನ್ರಿ?" ಕಾಳವ್ವ ಎರಡು ಸಲ ಕೇಳಿದಳು.

"ಒಂದು ದಿನ ಊಟ ಬಿಟ್ಟಾಗನ ತರಬೇಕಿತ್ರಿ, ಕಾಳವ್ವಾರ."

"ಬದುಕತೈತೇನ್ರಿ?"

"ನೀವು ಉಣಿಸಿದ್ರ ಬದುಕಬಹುದು."

ಮಂಪರಿನ ಮದ್ದು ಕೊಟ್ಟು ಗುಂಡನ ಕುತ್ತಿಗೆಯಿಂದ ಅನ್ನನಾಳಕ್ಕೊಂದು ನಳಿಗೆ ಕೂರಿಸಿದರು. ಡಬ್ಬಿಯ ಮಾಂಸವನ್ನು ತೆಳ್ಳಗೆ ಕಲಸಿ, ಮೊದಲು ಸ್ವಲ್ಪ, ಆಮೇಲೆ ಹೆಚ್ಚು, ದಿನಕ್ಕೆ ಐದು ಸಲ ಸಿರಿಂಜಿನಿಂದ ಅದರೊಳಗೆ ನಿಧಾನ ಬಿಡಬೇಕು. ತತ್ತಿ ಕಾಣದ ಆ ಅಡುಗೆಮನೆಯಲ್ಲಿ ಕಾಳವ್ವ ಮಾಂಸ ಕಲಸಿದಳು. ಮೊದಲ ದಿನ ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು, ಮೂರನೆಯ ದಿನ ಸೆರಗಿನ ನೆನಪೇ ಆಗಲಿಲ್ಲ. ಸ್ನಾನ ಮಾಡಿ ಲಿಂಗಪೂಜೆಗೆ ಕೂತಾಗ ಅಳು ಬರುತ್ತಿತ್ತು. ಮನೆ ಮೈಲಿಗೆಯಾಯಿತೆಂದಲ್ಲ, ಸಾಯಲು ಬಿದ್ದ ಜೀವಕ್ಕೆ ಸೊಕ್ಕು ಎಂದೆನಲ್ಲ ಎಂದು.

ಇಪ್ಪತ್ತನಾಲ್ಕನೆಯ ದಿನ ಗುಂಡ ಅವಳ ಬೆರಳು ನೆಕ್ಕಿ, ಆಮೇಲೆ ಬಟ್ಟಲಿಗೆ ಬಾಯಿ ಹಾಕಿದ.

ಮರುವಾರ ಅಂಗನವಾಡಿಯಲ್ಲಿ ನಾಲ್ಕು ವರ್ಷದ ಸಾನ್ವಿ ತಟ್ಟೆ ದೂಡಿದಳು. ಟೀಚರು ಕಾಳವ್ವನ ಮಾಮೂಲಿ ಮಾತಿಗೆ ಕಾದರು. ಕಾಳವ್ವ ತಟ್ಟೆ ಎತ್ತಲಿಲ್ಲ. ಮಗುವಿನ ಪಕ್ಕ ನೆಲದ ಮೇಲೆ ಕೂತಳು.

"ಯಾಕ ಬ್ಯಾಡವ್ವಾ? ಎಲ್ಲಿ ನೋಯಾಕತ್ತೈತಿ?"

ಸಾನ್ವಿ ಗಂಟಲು ಮುಟ್ಟಿ ತೋರಿಸಿದಳು.