ಬಡ್ಡಿ ಏರಿಸಿದರೂ ಕಷ್ಟ, ಇಳಿಸಿದರೂ ಕಷ್ಟ

ಎಪ್ಪತ್ತರ ದಶಕದ ನಡುವೆ ನಾನು ಮದ್ದೂರಿನ ಒಂದು ಬ್ಯಾಂಕಿನ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಮನೆ ಮಂಡ್ಯದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋದರೆ ಸಂಜೆ ವಾಪಸು. ಆ ಕಾಲದಲ್ಲಿ ಬಸ್ಸಿನಲ್ಲಿ ಯಾರ ಪಕ್ಕ ಕೂತರೂ ಮಾತು ಒಂದೇ, ಅಕ್ಕಿ, ಎಣ್ಣೆ, ಸೀಮೆಣ್ಣೆ. ನಾನು ಬ್ಯಾಂಕಿನವನೆಂದು ತಿಳಿದರೆ ಇದೆಲ್ಲ ನನ್ನಿಂದಲೇ ಆದದ್ದೇನೋ ಎಂಬಂತೆ ನೋಡುತ್ತಿದ್ದರು.

ಮಳೆ ಕೈಕೊಟ್ಟು ದವಸ ಕಡಿಮೆಯಾಗಿತ್ತು. ಹೊರದೇಶದ ಎಣ್ಣೆ ಏಕಾಏಕಿ ತುಟ್ಟಿಯಾಗಿ ಡೀಸೆಲ್ಲು, ಗೊಬ್ಬರ, ಲಾರಿ ಬಾಡಿಗೆ ಎಲ್ಲವೂ ಮೇಲಕ್ಕೆ ಹೋಗಿದ್ದವು. ಅಣೆಕಟ್ಟುಗಳಲ್ಲಿ ನೀರು ಸಾಲದೆ ಕರೆಂಟೂ ಇರುತ್ತಿರಲಿಲ್ಲ. ಬೆಲೆ ಏರಿದರೆ ವ್ಯಾಪಾರವಾದರೂ ಜೋರಾಗಿರಬೇಕು ಎಂಬುದು ನಾನು ಓದಿ ಬಂದ ಪಾಠ. ಇಲ್ಲಿ ಬೆಲೆಯೂ ಏರುತ್ತಿತ್ತು, ಕೆಲಸವೂ ನಿಲ್ಲುತ್ತಿತ್ತು. ಇಂಥ ಹೊತ್ತಿನಲ್ಲಿ ಬೊಂಬಾಯಿಯ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿ, ಸಾಲ ಬಿಗಿ ಮಾಡಿ ಎಂದು ಎಲ್ಲ ಬ್ಯಾಂಕುಗಳಿಗೂ ಹೇಳಿತು. ನಮ್ಮ ಮೇಲಿನ ಕಚೇರಿಯವರು ಮಂಡ್ಯದಲ್ಲಿ ಸಭೆ ಕರೆದು, ಯಾರಿಗೆ ಎಷ್ಟು ಬಿಗಿ ಎಂದು ಯೋಚಿಸುವ ಕಷ್ಟ ತೆಗೆದುಕೊಳ್ಳದೆ, ಶಾಖೆಯ ಒಟ್ಟು ಸಾಲವೇ ಇಳಿಯಬೇಕು ಎಂದುಬಿಟ್ಟರು.

ನಮ್ಮ ಗಿರಾಕಿಗಳಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಎರಕದ ಕಾರ್ಖಾನೆಯನ್ನು ತಾನೇ ನಡೆಸುತ್ತಿದ್ದಳು. ಕಬ್ಬಿನ ಗಾಣಕ್ಕೆ ಬೇಕಾದ ಉರುಳೆ, ಹಲ್ಲಿನ ಚಕ್ರಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಕಬ್ಬಿಣ, ಕಲ್ಲಿದ್ದಲು ಕೊಳ್ಳಲು ನಮ್ಮ ಸಾಲ. ಮಾಲು ಮಾರಿದ ಮೇಲೆ ತುಂಬುವುದು, ಮತ್ತೆ ತೆಗೆಯುವುದು. ಆಕೆ ಒಂದು ದಿನ ಬಂದು, ಕಬ್ಬಿಣ ತುಟ್ಟಿಯಾಗಿದೆ, ಹಿಂದಿನಷ್ಟೇ ಉರುಳೆ ಮಾಡಲು ಈಗ ಹೆಚ್ಚು ಸಾಲ ಬೇಕು ಎಂದಳು. ಹೆಚ್ಚಿಸುವುದಿರಲಿ, ಇರುವುದನ್ನೇ ಇಳಿಸಬೇಕಾಗಿದೆ ಎಂದೆ. ಯಾಕೆ ಎಂದಳು. ಬೆಲೆ ತಗ್ಗಿಸಲು ಎಂದೆ.

"ಬೆಲೆ ಏರ್ಸಿದ್ದು ನಾನಾ ಸ್ವಾಮಿ? ಕಬ್ಣ ಮಾರೋನು ಏರ್ಸವ್ನೆ. ನೀವು ಅವನ್ನ ಬುಟ್ಟು ನನ್ನ ಕೈ ಕಟ್ತಿದ್ದೀರಿ. ನಾನು ಉರುಳೆ ಮಾಡೋದು ನಿಲ್ಸಿದ್ರೆ ಉರುಳೆ ಬೆಲೆ ಇಳೀತದಾ?" ಎಂದಳು.

ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ. ಮೇಲಿನ ಕಚೇರಿಗೆ ಬರೆದೆ. ಸೂಚನೆಯನ್ನು ಪಾಲಿಸಿ ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ, ಬೇರೆ ಸಹಿ. ಮನೆಗೆ ಬಂದರೆ ಅಲ್ಲಿಯೂ ಅದೇ ಕಥೆ. ಹೆಚ್ಚಿದ ತುಟ್ಟಿಭತ್ಯೆಯ ಅರ್ಧವನ್ನು ಸರ್ಕಾರ ಕೈಗೆ ಕೊಡದೆ ಠೇವಣಿಯಲ್ಲಿ ಹಿಡಿದಿಟ್ಟಿತ್ತು, ಜನ ಖರ್ಚು ಮಾಡದಿರಲಿ ಎಂದು. ನನ್ನ ಹೆಂಡತಿ ಎಣ್ಣೆಯ ಡಬ್ಬಿಯನ್ನು ಬೋರಲು ಹಾಕಿ ತೋರಿಸಿ, ನಾವು ಯಾವ ಖರ್ಚು ಮಾಡಿ ದೇಶದ ಬೆಲೆ ಏರಿಸಿದೆವು ಹೇಳಿ ಎಂದು ಕೇಳಿದಳು. ಕೇಳಿ ಕೇಳಿ ನನಗೂ ಸಾಕಾಗಿತ್ತು.

ಅದೇ ದಿನಗಳಲ್ಲಿ ಬೆಂಗಳೂರಿನಿಂದ ಕೇಂದ್ರ ಬ್ಯಾಂಕಿನ ಒಬ್ಬ ಅಧಿಕಾರಿ ಬಂದರು. ಸಾಲದ ಬಿಗಿ ಹೇಗೆ ನಡೆದಿದೆ ಎಂದು ಊರೂರು ಸುತ್ತಿ ನೋಡುವುದು ಅವರ ಕೆಲಸ. ಧಾರವಾಡದ ಕಡೆಯವರು, ಮಾತು ಕಡಿಮೆ. ನಾನು ಅವರನ್ನು ಬೇಕೆಂದೇ ಎರಕದ ಕಾರ್ಖಾನೆಗೆ ಕರೆದುಕೊಂಡು ಹೋದೆ. ಕುಲುಮೆ ಉರಿಯುತ್ತಿತ್ತು, ಕಬ್ಬಿಣ ಕರಗಿತ್ತು, ಅಚ್ಚುಗಳು ಸಾಲಾಗಿ ಕಾದಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಗಾಳಿ ಊದುವ ಯಂತ್ರ ನಿಂತಿತು. ಕೆಲಸದವರು ಓಡಿ ಬಂದು ಸಿಕ್ಕಷ್ಟು ಕಬ್ಬಿಣವನ್ನು ನೆಲಕ್ಕೇ ಸುರಿದರು. ಉಳಿದದ್ದು ಕುಲುಮೆಯೊಳಗೇ ಹೆಪ್ಪುಗಟ್ಟಿತು. ಇನ್ನು ಅದನ್ನು ಚಾಣದಿಂದ ಒಡೆದು ತೆಗೆಯುವವರೆಗೂ ಕೆಲಸವಿಲ್ಲ. "ಕರೆಂಟು ಹುಟ್ಟೋ ಬ್ಲಫ್ಫು ಇಲ್ಲೇ ಪಕ್ಕದಲ್ಲೈತೆ, ಕರೆಂಟು ಮಾತ್ರ ನಮಗಿಲ್ಲ," ಎಂದು ಅಚ್ಚು ಮಾಡುವ ಹಿರಿಯ ಮೇಸ್ತ್ರಿ ಉಗಿದ. ಆಕೆ ಅಧಿಕಾರಿಗೆ ಕುರ್ಚಿ ತರಿಸಿದಳು.

ಮಾರನೆಯ ದಿನ ಅಧಿಕಾರಿ ಕಿರುಗಾವಲಿಗೆ ಹೋಗೋಣ ಎಂದರು. ಮಳವಳ್ಳಿ ಶಾಖೆಯಿಂದ ಸಾಲ ಪಡೆದಿದ್ದ ಅಕ್ಕಿ ಗಿರಣಿಯೊಂದು ಅಲ್ಲಿತ್ತು. ಗಿರಣಿ ನಡೆಸಲು ಕೊಟ್ಟ ಸಾಲ. ಗಿರಣಿ ನಿಂತಿತ್ತು, ಹಿಂದಿನ ಗೋದಾಮು ಮಾತ್ರ ತೊಲೆಯವರೆಗೆ ಭತ್ತದಿಂದ ತುಂಬಿತ್ತು. ಅಕ್ಕಿ ಮಾಡಿಸಿ ಮಾರಬಾರದೇ ಎಂದು ಕೇಳಿದರೆ, ಮಾಲೀಕ ಮುಚ್ಚುಮರೆಯಿಲ್ಲದೆ, ಮುಂದಿನ ತಿಂಗಳು ಇನ್ನೂ ಏರುತ್ತದೆ, ಈಗ ಮಾರಿದವನು ಪೆದ್ದ ಎಂದ. ನಾನು ನಾಚಿದೆ. ಅದು ಯಾವ ಶಾಖೆಯ ಸಾಲವಾದರೂ ಬ್ಯಾಂಕಿನ ಸಾಲವೇ.

ವಾಪಸು ಬರುವಾಗ ಜೀಪಿನಲ್ಲಿ ನನ್ನ ತಾಳ್ಮೆ ಹೋಗಿತ್ತು. ಗಿರಣಿಯವನಿಗೆ ಬಿಗಿ ಮಾಡಿ, ಆಕೆಯನ್ನು ಬಿಡಿ, ಇಷ್ಟು ಸುಲಭದ ಕೆಲಸ ನಿಮಗೆ ಯಾಕೆ ಆಗುವುದಿಲ್ಲ ಎಂದು ಕೇಳಿದೆ. ದವಸ ಕೊಂಡಿಡುವ ಸಾಲಕ್ಕೆ ಬೇರೆ ಬಿಗಿ ಇದ್ದೇ ಇದೆ, ಅವನು ಗಿರಣಿಯ ಹೆಸರಿನಲ್ಲಿ ಪಡೆದ, ನಾಳೆ ಇನ್ನೊಬ್ಬ ಎರಕದ ಹೆಸರಿನಲ್ಲಿ ಪಡೆಯುತ್ತಾನೆ ಎಂದರು. ಹಾಗಾದರೆ ಬಡ್ಡಿಯನ್ನಾದರೂ ಇಳಿಸಿ ಎಂದೆ.

"ನೋಡ್ರಿ," ಎಂದರು, "ಮಂದಿ ಕೈಯಾಗ ಭಾಳ ರೊಕ್ಕ ಆಡಿ ತುಟ್ಟಿ ಆಗಿದ್ರ ನಮ್ಮ ಔಷಧ ನಾಟತದ. ಈಗ ಮಾಲು ಕಡಿಮಿ ಆಗಿ ತುಟ್ಟಿ ಆಗೇದ. ಬಡ್ಡಿ ಏರಿಸಿದ್ರ ಮಳಿ ಬರೂದಿಲ್ಲ, ಎಣ್ಣಿ ಸೋವಿ ಆಗೂದಿಲ್ಲ, ಆ ತಾಯಿ ಕಾರ್ಖಾನಿ ಬಂದ್ ಆಗತದ. ಇಳಿಸಿದ್ರ ಇದ್ದಷ್ಟ ಮಾಲಿನ ಮ್ಯಾಲೆ ಇನ್ನಷ್ಟು ರೊಕ್ಕ ಬೀಳತದ."

"ಹಾಗಾದರೆ ಸುಮ್ಮನಿರಿ."

"ಸುಮ್ಮನಿದ್ರ, ಮುಂದನೂ ತುಟ್ಟಿ ಆಗೂದ ಅಂತ ಮಂದಿ ನಂಬತಾರ. ನಂಬಿದ ಮ್ಯಾಲೆ ಎಲ್ಲಾರೂ ಈ ಗಿರಣಿಯವನಾಗತಾರ. ಅಂಗಡ್ಯಾಂವ ಮುಂಚೇನ ರೇಟು ಏರಸ್ತಾನ, ಕೆಲಸದಾಂವ ಪಗಾರ ಏರಸ ಅಂತಾನ. ಆಮ್ಯಾಲೆ ಮಳಿ ಬಂದ್ರೂ ಬೆಲಿ ಇಳಿಯೂದಿಲ್ಲ. ಅದಕ್ಕ ಅಂಜಿ ಬಿಗಿ ಮಾಡೇವಿ. ಅಕಿನ್ನ ನೋಡಿ ನನಗೂ ಚೊಲೋ ಅನಸಲಿಲ್ಲ."

ಇದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ, ಸುಳ್ಳೆಂದೂ ಹೇಳಲಾಗಲಿಲ್ಲ. ಆ ಅಸಹಾಯಕತೆಯೇ ನನ್ನನ್ನು ಇನ್ನಷ್ಟು ರೇಗಿಸಿತು.

ಮಳವಳ್ಳಿ ಶಾಖೆಯವರು ಗಿರಣಿಯವನ ಸಾಲ ಹಿಂದಕ್ಕೆ ಕೇಳಿದರು. ಅವನು ಒಂದಷ್ಟು ಭತ್ತ ಮಾರಿದ, ಉಳಿದ ಸಾಲ ತೀರಿಸಲು ಖಾಸಗಿಯಾಗಿ ಬಡ್ಡಿಗೆ ತಂದು, ಮಿಕ್ಕ ಭತ್ತ ಇಟ್ಟುಕೊಂಡೇ ಕೂತ. ಅಧಿಕಾರಿ ನನ್ನ ಪರವಾಗಿ ಎರಡು ಮಾತು ಬರೆದರೆಂದು ಆಮೇಲೆ ತಿಳಿಯಿತು. ಅದರಿಂದ ಆಕೆಯ ಸಾಲ ಇಳಿಯಲಿಲ್ಲ, ಏರಲೂ ಇಲ್ಲ. ಏರಿದ ಕಬ್ಬಿಣದ ಬೆಲೆಗೆ ಅದು ಇಳಿದ ಹಾಗೆಯೇ. ಆಕೆ ಅರ್ಧ ಜನರನ್ನು ಬಿಡಿಸಬೇಕಾಯಿತು. ಮೇಸ್ತ್ರಿ ಭದ್ರಾವತಿಯಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೋದ.

ಮುಂದೆ ಒಳ್ಳೆಯ ಮಳೆ ಬಂತು. ಬೆಲೆ ಇಳಿಯಿತು. ಮಂಡ್ಯದ ಸಭೆಯಲ್ಲಿ ಮೇಲಿನವರು ಇದು ಸಾಲದ ಬಿಗಿಯ ಫಲ ಎಂದರು. ಮಳೆಯ ಫಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದು ಅಲ್ಲಿದ್ದ ಯಾರಿಂದಲೂ ಆಗುತ್ತಿರಲಿಲ್ಲ.

ಬಿಗಿ ಸಡಿಲವಾದ ಮೇಲೆ ನಾನು ಕಾರ್ಖಾನೆಗೆ ಹೋಗಿ, ಈಗ ಸಾಲ ಹೆಚ್ಚಿಸಬಹುದು ಎಂದೆ. ಕುಲುಮೆ ಆರಿತ್ತು. ಆಕೆ ರಿಪೇರಿಗೆ ಬಂದ ಪಂಪೊಂದನ್ನು ಬಿಚ್ಚಿಸುತ್ತಾ ನಿಂತಿದ್ದಳು. ಬೆಲ್ಲದ ಬೆಲೆ ಇಳಿದಿತ್ತು, ಹೊಸ ಗಾಣ ಕೇಳುವವರಿರಲಿಲ್ಲ.

"ಬೇಕಾದಾಗ ಕೊಡ್ನಿಲ್ಲ. ಈಗ ಇಸ್ಕಂಡು ಯಾರಿಗ್ ಮಾಡ್ಲಿ? ಮಾಡೋ ಕೈನೂ ಓಯ್ತು," ಎಂದಳು. ಆಮೇಲೆ ನನ್ನ ಮುಖ ನೋಡಿ, ಕಾಫಿ ಕುಡಿದು ಹೋಗಿ ಎಂದಳು.

ಆಕೆ ಮತ್ತೆ ಕುಲುಮೆ ಹೊತ್ತಿಸಿದ್ದು ನನಗೆ ಕೊಳ್ಳೇಗಾಲಕ್ಕೆ ವರ್ಗವಾದ ಮೇಲೆ. ಹಳಬರಲ್ಲಿ ಕೆಲವರೇ ಬಂದರಂತೆ. ಮೇಸ್ತ್ರಿಗೆ ಎರಡು ಸಲ ಹೇಳಿ ಕಳಿಸಿದರೂ ಅವನು ಬರಲಿಲ್ಲ.