ಉಣ್ಣದ ಮಗಳು, ಒಪ್ಪದ ತಾಯಿ

ನಾನು ನಿರ್ದೇಶಿಸುತ್ತಿದ್ದ ಸಿನಿಮಾದ ತಾಯಿ ಪಾತ್ರದಾಕೆ ನನಗೆ ಸಿಕ್ಕಿದ್ದು ಮಾನ್ವಿಯ ಒಂದು ಖಾನಾವಳಿಯಲ್ಲಿ. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ ಗಿರಾಕಿಗೆ ಖಾನಾವಳಿಯಾಕೆ, "ಏನ್ರೀ, ಇದನ್ನ ನಿಮ್ಮಪ್ಪ ಬಂದು ತಿಂತಾನೇನು? ಕುಂದರ್ರಿ!" ಎಂದು ಗದರಿಸಿದಳು. ಆತ ತೆಪ್ಪಗೆ ಕೂತು ತಿಂದ. ಇನ್ನು ಬೇರೆ ಕಡೆ ಹುಡುಕುವುದೇನೂ ಇಲ್ಲ ಎಂದುಕೊಂಡೆ.

ಕಥೆ ಇಷ್ಟೇ: ಮಗಳು ನರ್ಸಿಂಗ್ ಓದಲು ರಾಯಚೂರಿಗೆ ಹೋಗುತ್ತೇನೆ ಎನ್ನುತ್ತಾಳೆ, ತಾಯಿ ಬಿಡುವುದಿಲ್ಲ, ಮಗಳು ಮನೆ ಬಿಟ್ಟು ಓಡುತ್ತಾಳೆ. ನಿಜವಾದ ಮನೆ, ನಿಜವಾದ ಜನ, ಬಣ್ಣ ಹಚ್ಚುವಂತಿಲ್ಲ. ಮಗಳ ಪಾತ್ರಕ್ಕೆ ದೇವದುರ್ಗದ ಕಾಲೇಜು ಹುಡುಗಿಯೊಬ್ಬಳು ಒಪ್ಪಿದ್ದಳು.

ಶೂಟಿಂಗು ಆ ಖಾನಾವಳಿಯಾಕೆಯದೇ ಮನೆಯ ಅಡುಗೆಮನೆಯಲ್ಲಿ. ಆಕೆ ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಬಡಿದುಕೊಂಡು ಕೂತಿದ್ದಳು! ಕೈಕಾಲು ಹಿಡಿದು, ದಿನನಿತ್ಯದ ಸೀರೆ ಉಟ್ಟುಕೊಳ್ಳಲು ಒಪ್ಪಿಸಿದೆವು. ಕ್ಯಾಮೆರಾ ಓಡಿದ್ದೇ ತಡ, ಎದೆಗೆ ಕೈಯಿಟ್ಟು, "ಮಗಳೇ, ಈ ತಾಯಿಯನ್ನು ತೊರೆದು ಹೋಗುವೆಯಾ?" ಎಂದಳು. ಥೇಟ್ ಟೀವಿ ಧಾರಾವಾಹಿ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಯವ್ವಾ, ಮನ್ಯಾಗ ಹಿಂಗ ಮಾತಾಡ್ತೀರೇನು?" ಎಂದೆ.

"ಮನ್ಯಾಗ ಮಾತಾಡಿದಂಗ ಮಾತಾಡಿದ್ರ ಮಂದಿ ಏನಂತಾರ್ರೀ? ಸಿನಿಮಾ ಅಲ್ಲೇನು ಇದು?"

ಮಧ್ಯಾಹ್ನದವರೆಗೂ ಇದೇ ಹಾಡು. ನಿರ್ಮಾಪಕರು ಫೋನಿನಲ್ಲಿ, "ಇವತ್ತು ಆಗದಿದ್ದರೆ ನಾಳೆ ಬೆಂಗಳೂರಿನಿಂದ ನಟಿ ಬರ್ತಾಳೆ" ಎಂದು ಕೂಗಿದ್ದು ಆಕೆಯ ಕಿವಿಗೂ ಬಿತ್ತು.

"ಓಣಿ ತುಂಬ ಹೇಳೀನ್ರೀ ಸರ, ನನ್ನ ಮಾನ ಕಳೀಬ್ಯಾಡ್ರಿ" ಎಂದು ಕಣ್ಣು ತುಂಬಿಕೊಂಡಳು. ನನ್ನ ಸಿಟ್ಟೆಲ್ಲ ಇಳಿದು ಅಯ್ಯೋ ಪಾಪ ಅನಿಸಿತು.

ಬರೆದ ಸಂಭಾಷಣೆಯನ್ನು ಮಡಚಿ ಜೇಬಿಗಿಟ್ಟೆ. "ನೀವು ರೊಟ್ಟಿ ಬಡೀರಿ. ಮಗಳನ್ನ ಕಳಸೂದಿಲ್ಲ ಅಂತ ನಿಮಗ ತಿಳಿದಂಗ ಹೇಳ್ರಿ, ಸಾಕು" ಎಂದೆ. ಹುಡುಗಿಯನ್ನು ಹಿತ್ತಲಿಗೆ ಕರೆದು, "ಆಕಿ ಏನು ಕೊಟ್ಟರೂ ತಿನ್ನಬ್ಯಾಡ, ಆಕಿಗೆ ಖರೇನ ಸಿಟ್ಟು ಬರಲಿ" ಎಂದು ಗುಟ್ಟಾಗಿ ಹೇಳಿದೆ. ಕ್ಯಾಮೆರಾವನ್ನು ಬಾಗಿಲಾಚೆ ಇಟ್ಟು, ಆ್ಯಕ್ಷನ್ ಎನ್ನದೆ ಸುಮ್ಮನೆ ಓಡಿಸಿದೆವು.

"ನರ್ಸಿಂಗು ಗಿರ್ಸಿಂಗು ಏನೂ ಬ್ಯಾಡ. ಉಣ್ಣು."

"ಒಲ್ಲೆ" ಎಂದಳು ಹುಡುಗಿ.

"ಬಿಸಿ ಅದ, ಸುಮ್ನ ಉಣ್ಣು."

"ಒಲ್ಲೆ."

ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಬದನೆಕಾಯಿ ಎಣ್ಣೆಗಾಯಿ ಬಂತು, ಮೊಸರು ಬಂತು. ಹುಡುಗಿ ತಾಟು ಸರಿಸಿದಳು.

"ನಿನ್ನ ಸೊಕ್ಕ ಮುರೀಲಿ! ಹಸಕೊಂಡು ಸಾಯ್ತೀಯೇನು?" ಎಂದು ಆಕೆ ಹಿಟ್ಟಿನ ಕೈಯಲ್ಲೇ ಹುಡುಗಿಯ ಗದ್ದ ಹಿಡಿದಳು. ಹುಡುಗಿ ಬಾಯಿ ಬಿಡಲಿಲ್ಲ. ಆಕೆಯ ದನಿ ಇಳಿಯಿತು. "ಹೋಗವಾ. ರಾಯಚೂರಿಗರ ಹೋಗು, ಎಲ್ಲಿಗರ ಹೋಗು. ಉಂಡು ಹೋಗು."

ನಾನು ಕಟ್ ಹೇಳಲಿಲ್ಲ. ಹುಡುಗಿ ಗಬಗಬ ತಿಂದಳು, ಪಾಪ, ನಿಜವಾಗಿಯೂ ಹಸಿದಿದ್ದಳು.

"ಹೋಗು ಅಂದುಬಿಟ್ರಲ್ಲ ಯವ್ವಾ, ನನ್ನ ಕಥಿ ಕೆಟ್ಟು ಹೋತು!" ಎಂದೆ ಆಮೇಲೆ.

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. "ನನ್ನ ಮಗಳೂ ಓದತೀನಿ ಅಂತ ಹಿಂಗ ಉಪಾಸ ಕುಂತಿದ್ಳರೀ. ಆಗ ಬ್ಯಾಡಂದು ಮದುವಿ ಮಾಡಿಬಿಟ್ಟೆ."



ಸಂಜೆ ಫೋನಿನಲ್ಲಿ ವಿಷಯ ಕೇಳಿ ನಿರ್ಮಾಪಕರು ಹೌಹಾರಿದರು. "ತಾಯಿ ಒಪ್ಪಿಬಿಟ್ಟರೆ ಮಗಳು ಓಡಿಹೋಗೋದು ಯಾಕ್ರೀ? ಉಳಿದ ಅರ್ಧ ಸಿನಿಮಾ ಏನಾಗಬೇಕು?"

"ಓಡಿಹೋಗೋದಿಲ್ಲ ಸರ್," ಎಂದೆ. "ಬಸ್ ಹತ್ತಿ ಹೋಗ್ತಾಳೆ. ತಾಯಿನೇ ಕಳಿಸ್ತಾಳೆ."