ಗುಡುಗಿನ ತಿಂಗಳುಗಳಲ್ಲಿ ಗೇಟ್‌ವೇ

ಬಾಳ್ಳುಪೇಟೆ ಹತ್ತಿರದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೆಕ್ಕಪತ್ರದ ಕೆಲಸಕ್ಕೆ ಸೇರಿದವಳು. ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ಗೇಟ್‌ವೇ ಕೂಡ ನನ್ನ ತಲೆಗೆ ಬಂತು.

ಗೋಡೌನಿನ ದಾಸ್ತಾನು, ಲಾರಿಗಳ ತೂಕ ಎಲ್ಲವೂ ವೇಬ್ರಿಜ್ ಕೋಣೆಯ ಕಂಪ್ಯೂಟರಿನ ಡೇಟಾಬೇಸ್‌ನಲ್ಲಿವೆ. ಮಾಲೀಕರ ಸೊಸೆ ಮಂಗಳೂರಿನಲ್ಲಿ ಕೂತು ಮಾರಾಟ ನೋಡಿಕೊಳ್ಳುತ್ತಾರೆ. ಅವರು ನೋಡುವ ರಿಪೋರ್ಟ್ ಇರುವುದು ಕ್ಲೌಡ್‌ನಲ್ಲಿ. ನಮ್ಮ ಆಫೀಸಿನ ಇನ್ನೊಂದು ಕಂಪ್ಯೂಟರಿನಲ್ಲಿ ಗೇಟ್‌ವೇ ಎಂಬ ಪ್ರೋಗ್ರಾಂ ಸದಾ ಓಡುತ್ತಿರಬೇಕು. ನಿಗದಿತ ಹೊತ್ತಿಗೆ ಕ್ಲೌಡ್ ಕೇಳಿದಾಗ, ಅದು ಡೇಟಾಬೇಸಿನಿಂದ ಅಂಕಿಗಳನ್ನು ತೆಗೆದು ಕಳಿಸುತ್ತದೆ. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಎರಡು ಕಂಪ್ಯೂಟರಿನಲ್ಲಿ ಒಂದು ಮಲಗಿದರೂ ರಿಪೋರ್ಟ್‌ನಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ.

ಇದನ್ನು ನಾನು ನಮ್ಮ ಮ್ಯಾನೇಜರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ವಯಸ್ಸಾದ, ಶಿಸ್ತಿನ ಮನುಷ್ಯ. ಏಪ್ರಿಲ್ ಬಂದು ಸಂಜೆ ಗುಡುಗು ಶುರುವಾಯಿತೆಂದರೆ ಆಫೀಸು ಸುತ್ತಿ ಒಂದೊಂದೇ ಪ್ಲಗ್ ಕಿತ್ತು, ನೆಟ್ ಕೇಬಲ್ಲನ್ನೂ ಎಳೆದುಹಾಕಿ ಬಾಗಿಲು ಹಾಕುತ್ತಿದ್ದರು. ನಮ್ಮ ರಿಫ್ರೆಶ್ ಇದ್ದದ್ದು ಸಂಜೆಗೇ. ನಾನು ಜಗಳಕ್ಕೆ ಹೋದೆ.

“ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟೋಗಿದ್ದು ಮರ್ತ್ ಬುಟ್ಯೇನಮ್ಮಾ? ನಿನ್ ಅಂಕಿ ನಾಳೆ ಬತ್ತವೆ. ಸುಟ್ಟೋದ ಮಿಷಿನ್ ಬರಲ್ಲ ಕಣಮ್ಮ,” ಎಂದರು. ಮಾತು ನಿಜವೇ ಆಗಿತ್ತು. ಹಾಗಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಒಂದು ವಾರ ಸತತ ಗುಡುಗು. ಆ ವಾರ ನಾನು ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಹಾಸನದಲ್ಲಿದ್ದೆ. ಮರಳಿ ಬಂದ ಬೆಳಿಗ್ಗೆ ಅಂಗಳದಲ್ಲಿ ಖಾಲಿ ಲಾರಿ ನಿಂತಿತ್ತು. ರಿಪೋರ್ಟ್‌ನಲ್ಲಿ ಕಂಡ ರೊಬಸ್ಟಾ ಕಾಫಿಯ ಲಾಟೊಂದನ್ನು ಮಂಗಳೂರಿನ ಮೇಡಂ ಯಾರಿಗೋ ಕೊಡಲು ಒಪ್ಪಿಕೊಂಡು ಲಾರಿ ಕಳಿಸಿದ್ದರು. ಆ ಲಾಟನ್ನು ಅದೇ ವಾರ ಮಾಲೀಕರೇ ಇಲ್ಲಿಂದ ಬೇರೆಯವರಿಗೆ ಕಳಿಸಿಯಾಗಿತ್ತು. ಡ್ರೈವರ್ ಶಿರಾಡಿ ಘಾಟಿ ಹತ್ತಿ ಬಂದ ಸುಸ್ತಿನಲ್ಲಿ ಯಾರನ್ನು ಬೈಯಬೇಕೆಂದು ತಿಳಿಯದೆ ಎಲ್ಲರನ್ನೂ ಬೈಯುತ್ತಿದ್ದ. ಮ್ಯಾನೇಜರ್ ಅವನಿಗೆ ಕಾಫಿ ಕೊಡಿಸಿ ಕೂರಿಸಿದ್ದರು.

ಮೇಡಂ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, “ಗೇಟ್‌ವೇ ಯಾಕೆ ಆಫ್ ಮಾಡಿದ್ರಿ?”

ನೋಡಿದರೆ ಗೇಟ್‌ವೇ ಆನ್‌ಲೈನ್ ಎಂದೇ ತೋರಿಸುತ್ತಿತ್ತು. ನಾನು ಬರುತ್ತೇನೆಂದು ಮ್ಯಾನೇಜರ್ ಬೆಳಿಗ್ಗೆಯೇ ಆ ಕಂಪ್ಯೂಟರಿಗೆ ಪ್ಲಗ್ ಹಾಕಿ ಆನ್ ಮಾಡಿದ್ದರು, ಉಪಕಾರವೆಂದು. ವೇಬ್ರಿಜ್ ಕೋಣೆಯದು ಮಾತ್ರ ಇನ್ನೂ ಆರಿಯೇ ಇತ್ತು. ಬಾಗಿಲು ತೆರೆದಿದ್ದರೂ ಒಳಗೆ ಕೊಡುವವರಿಲ್ಲ. ಅದನ್ನು ಆನ್ ಮಾಡಿ, ನಾನೇ ಕೈಯಾರೆ ರಿಫ್ರೆಶ್ ಒತ್ತಿದೆ. ಅಂಕಿ ಬಂತು. ಉಸಿರು ಬಿಟ್ಟೆ.

ಮರುದಿನ ಗುಡುಗಿಲ್ಲ, ಎರಡೂ ಕಂಪ್ಯೂಟರ್ ಓಡುತ್ತಿವೆ, ಆದರೂ ಸಂಜೆ ಅಂಕಿ ಬದಲಾಗಲಿಲ್ಲ. ಆಗ ಗೊತ್ತಾಯಿತು: ರಿಫ್ರೆಶ್ ಮತ್ತೆ ಮತ್ತೆ ಸೋತಾಗ ಆ ಕ್ಲೌಡ್ ಸೇವೆ ವೇಳಾಪಟ್ಟಿಯನ್ನೇ ತಾನಾಗಿ ನಿಲ್ಲಿಸಿಬಿಡುತ್ತದೆ. ಮತ್ತೆ ಆನ್ ಮಾಡುವವರೆಗೆ ಸುಮ್ಮನಿರುತ್ತದೆ. ಅದರ ಎಚ್ಚರಿಕೆಯ ಮೇಲ್‌ಗಳು ಹೋಗುತ್ತಿದ್ದದ್ದು ಇದನ್ನು ಮೊದಲು ಕಟ್ಟಿಕೊಟ್ಟ ಕನ್ಸಲ್ಟೆಂಟಿಗೆ. ಆತ ನಮ್ಮ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು.

ಆ ರಿಪೋರ್ಟಿನ ಡೇಟಾವನ್ನು ನನ್ನ ಹೆಸರಿಗೆ ತೆಗೆದುಕೊಂಡೆ, ಗೇಟ್‌ವೇಗೆ ಮತ್ತೆ ಜೋಡಿಸಿದೆ, ಮೇಲ್ ನನಗೂ ಮೇಡಂಗೂ ಬರುವಂತೆ ಮಾಡಿದೆ. ರಿಪೋರ್ಟಿನ ನೆತ್ತಿಯಲ್ಲಿ ಕೊನೆಯ ರಿಫ್ರೆಶ್ ಆದ ಹೊತ್ತು ಕಾಣುವಂತೆ ಬರೆದೆ. ನಂತರ ಮ್ಯಾನೇಜರನ್ನು ಕೇಳಿದೆ, ಗುಡುಗು ಬರದ ಹೊತ್ತು ಯಾವುದೆಂದು. ಅವರು ಯೋಚನೆಯನ್ನೂ ಮಾಡಲಿಲ್ಲ.

“ಬೆಳಿಗ್ಗೆ ಹೊತ್ತು ಗುಡ್ಗೋದು ಕಮ್ಮಿ. ನಾನು ಬಂದ ತಕ್ಷಣ ಎರಡಕ್ಕೂ ಪ್ಲಗ್ ಹಾಕ್ತೀನಿ, ಆಮೇಲೆ ನಿಂದು ಇಟ್ಕೊ.”

ನಿಂತಿದ್ದ ವೇಳಾಪಟ್ಟಿಯನ್ನು ಮತ್ತೆ ಆನ್ ಮಾಡಿ, ರಿಫ್ರೆಶನ್ನು ಬೆಳಗಿನ ಹೊತ್ತಿಗೆ ಸರಿಸಿದೆ. ದಿನವಿಡೀ ತಾಜಾ ಅಂಕಿ ಬೇಕೆಂದು ಮೇಡಂ ಪಟ್ಟು ಹಿಡಿದರು. ಮಳೆಗಾಲ ಹಿಡಿದು ಗುಡುಗು ನಿಲ್ಲುವವರೆಗೆ ಆಗುವುದಿಲ್ಲ, ಮಧ್ಯಾಹ್ನದ ಮೇಲೆ ಯಾವ ಲಾಟು ಒಪ್ಪಿಕೊಂಡರೂ ಮೊದಲು ಗೋಡೌನಿಗೆ ಫೋನ್ ಮಾಡಿ ಎಂದೆ. ಅಷ್ಟು ಖಡಾಖಂಡಿತವಾಗಿ ನಾನು ಮಾಲೀಕರ ಮನೆಯವರೊಂದಿಗೆ ಮಾತಾಡಿದ್ದು ಅದೇ ಮೊದಲು. ಅವರು ಸರಿ ಎಂದರು. ಫೋನ್ ಮಾಡುತ್ತಲೂ ಇದ್ದಾರೆ.

ಕಳೆದ ವಾರ ಅವರೇ ಹೇಳಿದ್ದು: ಯಸಳೂರಿನಲ್ಲಿರುವ ನಮ್ಮ ಇನ್ನೊಂದು ಸ್ಟೋರಿನ ದಾಸ್ತಾನನ್ನೂ ರಿಪೋರ್ಟಿಗೆ ಸೇರಿಸಬೇಕಂತೆ. ಅಲ್ಲಿ ದಿನಕ್ಕೆಷ್ಟು ಸಲ ಕರೆಂಟ್ ಹೋಗುತ್ತದೆ ಗೊತ್ತೇ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಅಲ್ಲಿಗೆ ಕಂಪ್ಯೂಟರ್ ಆಗಲೇ ಬಸ್ಸಿನಲ್ಲಿ ಹೊರಟಾಗಿದೆ ಎಂದರು.